ಬೆಳ್ಳಿಹಬ್ಬದ ಸಮ್ಮಿಲನಕ್ಕೆ ಆಹ್ವಾನ ಪತ್ರ: ಉತ್ತರ ಬರುವ ಹಾಗೆ ಬರೆಯುವುದು ಹೇಗೆ?

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಹೊಸದಾಗಿ ಕಾರ್ಯದರ್ಶಿಯಾದವರು ಪದೇ ಪದೇ ಕೇಳುವುದು ಒಂದೇ: "ನಮ್ಮಲ್ಲಿ ಒಂದು ಬ್ಯಾಚಿಗೆ ಇಪ್ಪತ್ತೈದು ವರ್ಷ ತುಂಬುತ್ತಿದೆ, ಎಲ್ಲರಿಗೂ ಕಳಿಸಲು ಒಂದು ಪತ್ರದ ಮಾದರಿ ಕೊಡಿ." ಮಾದರಿ ಈ ಲೇಖನದ ನಡುವೆ ಇದೆ. ಆದರೆ ಅದನ್ನಷ್ಟೇ ನಕಲು ಮಾಡಿಕೊಂಡು ಹೋದರೆ ಕೆಲಸ ಅರ್ಧವೇ ಆದೀತು. ಇಂಥ ಪತ್ರಗಳಿಗೆ ಸಾಮಾನ್ಯವಾಗಿ ಮೆಚ್ಚುಗೆ ಬೇಕಾದಷ್ಟು ಬರುತ್ತದೆ, ಉತ್ತರ ಬರುವುದಿಲ್ಲ. "ಆಹಾ, ಹಳೆಯ ದಿನಗಳು ನೆನಪಾದವು" ಎಂದು ಎಲ್ಲರೂ ಬರೆಯುತ್ತಾರೆ. ಎಷ್ಟು ಜನ ಬರುತ್ತಾರೆ ಎಂಬುದು ಮಾತ್ರ ಹಿಂದಿನ ವಾರದವರೆಗೂ ಗೊತ್ತಾಗುವುದಿಲ್ಲ.

ಪತ್ರವನ್ನು ಸ್ಮರಣ ಸಂಚಿಕೆಯ ಮುನ್ನುಡಿಯ ಹಾಗೆ ಬರೆಯುವುದರಿಂದ ಹೀಗಾಗುತ್ತದೆ. ಓದುವವರ ತಲೆಯಲ್ಲಿ ಇರುವ ಪ್ರಶ್ನೆಗಳೇ ಬೇರೆ. ಯಾವತ್ತು? ಎಷ್ಟು ಹೊತ್ತು? ನನ್ನ ಪಾಲಿಗೆ ಎಷ್ಟು ಹಣ? ಮನೆಯವರನ್ನು ಕರೆತರಬಹುದೇ? ಯಾರಿಗೆ ತಿಳಿಸಬೇಕು? ಇವಕ್ಕೆ ಪತ್ರ ಉತ್ತರ ಕೊಟ್ಟರೆ ಅವರೂ ಉತ್ತರ ಕೊಡುತ್ತಾರೆ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ. ಉದಾಹರಣೆಗೆ 2001ರಲ್ಲಿ ಹೊರಬಿದ್ದ ಒಂದು ಬ್ಯಾಚು 2026ರ ಡಿಸೆಂಬರ್ 26, ಶನಿವಾರ ಸೇರುತ್ತದೆ ಎಂದು ಇಟ್ಟುಕೊಂಡು ಹೋಗೋಣ.

1. ಬರೆಯುವ ಮೊದಲು ಇತ್ಯರ್ಥವಾಗಬೇಕಾದದ್ದು

ಮೊದಲನೆಯದು, ಇಪ್ಪತ್ತೈದನ್ನು ಎಲ್ಲಿಂದ ಎಣಿಸುತ್ತೀರಿ ಎಂಬುದು. ಸೇರಿದ ವರ್ಷದಿಂದಲೋ, ಮುಗಿಸಿದ ವರ್ಷದಿಂದಲೋ? ಸಾಮಾನ್ಯವಾಗಿ ಮುಗಿಸಿದ ವರ್ಷವನ್ನೇ ಹಿಡಿಯುತ್ತಾರೆ. ಆದರೂ ಪತ್ರದಲ್ಲಿ "2001ರ ಬ್ಯಾಚು" ಎಂದಷ್ಟೇ ಬರೆದರೆ, ಆ ವರ್ಷ ಸೇರಿದವರೂ ತಮ್ಮದೇ ಎಂದುಕೊಳ್ಳುತ್ತಾರೆ. "1998ರಲ್ಲಿ ಸೇರಿ 2001ರಲ್ಲಿ ಮುಗಿಸಿದ ತಂಡ" ಎಂದು ಎರಡೂ ವರ್ಷ ಬರೆದರೆ ಗೊಂದಲವಿಲ್ಲ.

ಎರಡನೆಯದು ಕಾರ್ಯಕಾರಿ ಸಮಿತಿಯ ಒಪ್ಪಿಗೆ. ಕಾರ್ಯದರ್ಶಿಯ ಸಹಿ ಬಿದ್ದ ಮೇಲೆ ಅದು ಸಂಘದ ಮಾತು. ಲೆಕ್ಕದಲ್ಲಿ ಕೊರತೆ ಬಿದ್ದರೆ ಸಂಘವೇ ತುಂಬಬೇಕೇ, ಬ್ಯಾಚಿನವರೇ ನೋಡಿಕೊಳ್ಳಬೇಕೇ ಎಂಬುದನ್ನು ಸಭೆಯಲ್ಲಿ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ, ಅಂದರೆ ಸಭೆಯ ನಿರ್ಣಯಗಳನ್ನು ದಾಖಲಿಸುವ ಪುಸ್ತಕದಲ್ಲಿ, ಬರೆಸಿಡಿ. ಇದನ್ನು ಬಿಟ್ಟವರಿಗೆ ಕಾರ್ಯಕ್ರಮ ಮುಗಿದ ಮೇಲೆ ಮನಸ್ತಾಪ ತಪ್ಪಿದ್ದಲ್ಲ.

ಮೂರನೆಯದು ಜಾಗ. ಸ್ಥಳದವರು ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಬರಹದಲ್ಲಿ ಒಪ್ಪಿಗೆ ಸಿಗುವವರೆಗೆ ಪತ್ರ ಕಳಿಸಬೇಡಿ. ಒಮ್ಮೆ ತಿಳಿಸಿದ ದಿನಾಂಕವನ್ನು ಬದಲಿಸಿದರೆ ಹಳೆಯ ಪತ್ರವೇ ಎಲ್ಲೆಡೆ ಓಡಾಡುತ್ತಿರುತ್ತದೆ. ಹಳೆಯ ದಿನಾಂಕಕ್ಕೆ ಪ್ರಯಾಣದ ಟಿಕೆಟ್ ಮಾಡಿಸಿದವರಿಗೆ ಉತ್ತರ ಕೊಡುವುದು ಕಷ್ಟ.

2. ಹೆಸರುಗಳ ಪಟ್ಟಿ

ಪಟ್ಟಿಯನ್ನು ನೆನಪಿನಿಂದ ಮಾಡಬೇಡಿ. ನಾಲ್ಕು ಜನ ಗೆಳೆಯರು ಕೂತು ನೆನಪಿಸಿಕೊಂಡರೆ ಅವರ ಬೆಂಚಿನ ಸುತ್ತಲಿನವರೇ ಬರುತ್ತಾರೆ. ಸಂಸ್ಥೆಯ ಅನುಮತಿ ಪಡೆದು ದಾಖಲಾತಿ ಪುಸ್ತಕ ಅಥವಾ ಹಾಜರಿ ಪುಸ್ತಕದಿಂದ ಹೆಸರುಗಳನ್ನು ಇಳಿಸಿಕೊಳ್ಳಿ. ಅಂತಿಮ ಪರೀಕ್ಷೆ ಬರೆದವರ ಪಟ್ಟಿಯೊಂದೇ ಸಾಲದು. ನಡುವೆ ಬಿಟ್ಟು ಹೋದವರು, ಬೇರೆಡೆಗೆ ವರ್ಗವಾದವರು, ಒಂದು ವರ್ಷ ಹಿಂದೆ ಬಿದ್ದವರು ಅದರಲ್ಲಿ ಇರುವುದಿಲ್ಲ. ಇಂಥವರು ತಾವಾಗಿ ಕೇಳಿಕೊಂಡು ಬರುವುದೂ ಇಲ್ಲ. "ನಾನು ಆ ಬ್ಯಾಚಿನವನೇ ಅಲ್ಲವಲ್ಲ" ಎಂದು ಸುಮ್ಮನಾಗುತ್ತಾರೆ. ಅದಕ್ಕೇ ಪತ್ರದಲ್ಲಿ "ನಮ್ಮೊಂದಿಗೆ ಒಂದು ವರ್ಷ ಓದಿದ್ದರೂ ನೀವು ಈ ಬ್ಯಾಚಿನವರೇ" ಎಂಬ ಒಂದು ಸಾಲು ಇರಲಿ. "ತೇರ್ಗಡೆಯಾದ" ಎಂಬ ಪದ ಎಲ್ಲಿಯೂ ಬೇಡ.

ಪಟ್ಟಿಯಲ್ಲಿ ಹೆಸರಿನ ಎದುರು ಈಗ ಬಳಸುವ ಹೆಸರಿಗೂ ಒಂದು ಅಂಕಣ ಇಡಿ, ಹೆಸರು ಬದಲಿಸಿಕೊಂಡವರು ಇರುತ್ತಾರೆ. ತೀರಿಕೊಂಡವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಯಾರೋ ಹೇಳಿದರು ಎಂದು ಪಟ್ಟಿಯಿಂದ ತೆಗೆಯಬೇಡಿ, ಬದುಕಿರುವವರ ಹೆಸರು ಶ್ರದ್ಧಾಂಜಲಿಯಲ್ಲಿ ಬಂದುಬಿಡುವ ಅಪಾಯವಿದೆ. ಹಾಗೆಯೇ ವಿಚಾರಿಸದೆ ಪತ್ರ ಕಳಿಸಿ ಅದು ಅವರ ಮನೆಯವರ ಕೈಗೆ ಸಿಕ್ಕರೆ ಅದೂ ನೋವೇ. ಮನೆಯವರನ್ನು ಹತ್ತಿರದಿಂದ ಬಲ್ಲ ಒಬ್ಬರ ಮೂಲಕ ಖಚಿತ ಮಾಡಿಕೊಂಡ ನಂತರವೇ ಗುರುತು ಹಾಕಿ. ಆಹ್ವಾನದಲ್ಲಿ ಅವರ ಹೆಸರುಗಳ ಪಟ್ಟಿ ಕೊಡಬೇಡಿ. ಸಾವಿನ ಸುದ್ದಿ ಮೊದಲ ಬಾರಿಗೆ ಆಹ್ವಾನ ಪತ್ರದಿಂದ ತಿಳಿಯುವಂತಾಗಬಾರದು.

ಈ ಪಟ್ಟಿಯನ್ನು ಫೋನ್ ನಂಬರುಗಳ ಸಮೇತ ಎಲ್ಲರಿಗೂ ಹಂಚುವ ಆಸೆ ಬರುತ್ತದೆ. ಬೇಡ. ಯಾರ ನಂಬರು ಯಾರಿಗೆ ಸಿಗಬೇಕು ಎಂಬುದು ಆ ನಂಬರಿನವರ ಇಷ್ಟ. ಅದನ್ನು ಉತ್ತರದ ನಮೂನೆಯಲ್ಲೇ ಕೇಳಿ.

3. ದಿನಾಂಕಗಳನ್ನು ಹಿಂದಿನಿಂದ ಎಣಿಸಿ

ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಬನ್ನಿ. ಅಡುಗೆಯವರಿಗೂ ಸ್ಥಳದವರಿಗೂ ತಲೆಯೆಣಿಕೆ ಎರಡು ವಾರ ಮೊದಲು ಕೊಡಬೇಕು ಎಂದುಕೊಳ್ಳಿ, ಅದು ಡಿಸೆಂಬರ್ 12. ಹೇಳಿದ ಗಡುವಿಗೆ ಉತ್ತರ ಕೊಡದವರು ಯಾವಾಗಲೂ ಇರುತ್ತಾರೆ, ಅವರಿಗೆ ಫೋನ್ ಮಾಡಲು ಆರು ವಾರ ಇಟ್ಟುಕೊಳ್ಳಿ. ಆಗ ಉತ್ತರದ ಕೊನೆಯ ದಿನ ಅಕ್ಟೋಬರ್ 31. ಪತ್ರ ಓದಿ, ಮನೆಯಲ್ಲಿ ಮಾತಾಡಿ, ರಜೆ ಕೇಳಿ, ಹಣ ಕಳಿಸಲು ಇನ್ನೊಂದು ಆರು ವಾರ. ಹಾಗಾಗಿ ಪತ್ರ ಸೆಪ್ಟೆಂಬರ್ 20ರ ಸುಮಾರಿಗೆ ಹೊರಡಬೇಕು.

ಇದಕ್ಕೂ ಮೊದಲು, ಜೂನ್ ಹೊತ್ತಿಗೆ, ಮೂರು ಸಾಲಿನ ಮುನ್ಸೂಚನೆ ಕಳಿಸಿ: ದಿನಾಂಕ, ಊರು, "ವಿವರವಾದ ಪತ್ರ ಸೆಪ್ಟೆಂಬರಿನಲ್ಲಿ ಬರಲಿದೆ". ದೂರ ಇರುವವರು ರಜೆ ಹೊಂದಿಸಿಕೊಳ್ಳುವುದು ಈ ಸೂಚನೆಯ ಬಲದಿಂದಲೇ. ಇದರಲ್ಲಿ ಹಣದ ಮಾತು ಬೇಡ, ಉತ್ತರವನ್ನೂ ಕೇಳಬೇಡಿ. ಪೂರ್ತಿ ವಿವರ ಇಲ್ಲದೆ ಕೇಳಿದರೆ ಎಲ್ಲರೂ "ಬರ್ತೀನಿ" ಎಂದುಬಿಡುತ್ತಾರೆ, ಆ ಲೆಕ್ಕ ನಂಬಿ ದೊಡ್ಡ ಸಭಾಂಗಣ ಹಿಡಿದರೆ ಕಷ್ಟ.

4. ತಲಾ ಮೊತ್ತ

ಹೆಚ್ಚು ಪೆಟ್ಟು ಬೀಳುವುದು ಇಲ್ಲಿ. ಖರ್ಚಿನಲ್ಲಿ ಎರಡು ಬಗೆ ಇದೆ. ಸಭಾಂಗಣ, ಮೈಕು, ಛಾಯಾಗ್ರಹಣ, ವೇದಿಕೆ ಇವುಗಳ ಖರ್ಚು ನಲವತ್ತು ಜನ ಬಂದರೂ ಅಷ್ಟೇ, ನೂರು ಜನ ಬಂದರೂ ಅಷ್ಟೇ. ಇದು ಸ್ಥಿರ ವೆಚ್ಚ. ಊಟ, ನೆನಪಿನ ಕಾಣಿಕೆಯಂಥವು ತಲೆಗಿಷ್ಟು ಎಂದು ಏರುತ್ತವೆ. ಎರಡನ್ನೂ ಕಲೆಸಿ, ಬಂದೇ ಬರುತ್ತಾರೆ ಎಂದು ನೀವು ಅಂದುಕೊಂಡ ಸಂಖ್ಯೆಯಿಂದ ಭಾಗಿಸಿದರೆ ಲೆಕ್ಕ ತಪ್ಪುತ್ತದೆ.

ಉದಾಹರಣೆಗೆ, 60 ಜನ ಬರುತ್ತಾರೆ ಎಂದು ಸ್ಥಿರ ವೆಚ್ಚವನ್ನು 60 ಪಾಲು ಮಾಡಿದಿರಿ. ಬಂದವರು 45. ಊಟದ ಖರ್ಚು ತಗ್ಗುತ್ತದೆ, ಆದರೆ ಸ್ಥಿರ ವೆಚ್ಚದಲ್ಲಿ 15 ಪಾಲು, ಅಂದರೆ ಕಾಲು ಭಾಗ, ಯಾರಿಂದಲೂ ಬರುವುದಿಲ್ಲ. ಆ 45 ಜನರಿಂದಲೇ ಪೂರ್ತಿ ವಸೂಲಾಗಬೇಕಿದ್ದರೆ ಪ್ರತಿಯೊಬ್ಬರ ಸ್ಥಿರ ಪಾಲು ಮೂರನೇ ಒಂದರಷ್ಟು ಹೆಚ್ಚಿರಬೇಕಿತ್ತು. ಪತ್ರ ಹೋದ ಮೇಲೆ ಮೊತ್ತ ಏರಿಸಲು ಬಾಯಿ ಬರುವುದಿಲ್ಲ. ಹಾಗಾಗಿ ಸ್ಥಿರ ವೆಚ್ಚವನ್ನು ನಿಮ್ಮ ನಿರೀಕ್ಷೆಗಿಂತ ಸಾಕಷ್ಟು ಕಡಿಮೆ ಸಂಖ್ಯೆಯಿಂದ, 60ರ ನಿರೀಕ್ಷೆ ಇದ್ದರೆ 40ರಿಂದ, ಭಾಗಿಸಿ. ಹಣ ಉಳಿದರೆ ಏನು ಮಾಡುತ್ತೀರಿ ಎಂಬುದನ್ನು ಪತ್ರದಲ್ಲೇ ಹೇಳಿ. ಉಳಿದ ಹಣದ ಬಗ್ಗೆ ಮೊದಲೇ ಹೇಳಿದವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹಣ ಸಂಘದ ಖಾತೆಗೇ ಬರಲಿ, ಕಾರ್ಯದರ್ಶಿಯ ಅಥವಾ ಉತ್ಸಾಹಿ ಗೆಳೆಯನೊಬ್ಬನ ಸ್ವಂತ ಖಾತೆಗೆ ಬೇಡ. ಪ್ರತಿ ಪಾವತಿಗೂ ಖಜಾಂಚಿಯಿಂದ ರಸೀದಿ ಹೋಗಲಿ. ಸಂಸ್ಥೆಗೆ ದೇಣಿಗೆ ಕೇಳುವ ಉದ್ದೇಶವಿದ್ದರೆ ಅದನ್ನು ಈ ಪತ್ರದಲ್ಲಿ ಸೇರಿಸಬೇಡಿ. ದೇಣಿಗೆಯ ಸುಳಿವು ಸಿಕ್ಕರೆ "ಕರೆಯುತ್ತಿರುವುದು ಇದಕ್ಕೇ" ಎಂದು ಓದುವವರು ತೀರ್ಮಾನಿಸುತ್ತಾರೆ.

ಆ ಮೊತ್ತ ಕಷ್ಟವಾಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. "ಬಡ ಸಹಪಾಠಿಗಳಿಗೆ ವಿನಾಯಿತಿ" ಎಂದು ಬರೆದರೆ ಯಾರೂ ಕೇಳುವುದಿಲ್ಲ. "ಮೊತ್ತದ ಕಾರಣಕ್ಕೆ ಬಾರದಿರಬೇಡಿ, ಖಜಾಂಚಿಯವರೊಬ್ಬರಿಗೆ ತಿಳಿಸಿದರೆ ಸಾಕು" ಎಂದು ಬರೆದು, ಆ ಮಾತು ಖಜಾಂಚಿಯನ್ನು ದಾಟಿ ಹೋಗದಂತೆ ನೋಡಿಕೊಳ್ಳಿ.

5. ಪತ್ರ

ಒಂದು ಪುಟ ಮೀರಬಾರದು. ಎರಡು ಹೆಸರು ಇರಲಿ: ಅಧಿಕಾರಕ್ಕೆ ಕಾರ್ಯದರ್ಶಿ, ಪರಿಚಯಕ್ಕೆ ಆ ಬ್ಯಾಚಿನ ಒಬ್ಬ ಸಂಚಾಲಕರು. ಕಾರ್ಯದರ್ಶಿ ಬೇರೆ ಬ್ಯಾಚಿನವರಾಗಿದ್ದರಂತೂ ಇದು ಬೇಕೇ ಬೇಕು. ಅಪರಿಚಿತ ಹೆಸರಿನಿಂದ ಬಂದು ಹಣ ಕೇಳುವ ಪತ್ರವನ್ನು ಈಗ ಯಾರೂ ಸುಲಭಕ್ಕೆ ನಂಬುವುದಿಲ್ಲ.

ಸಂಬೋಧನೆಯಲ್ಲಿ "ನೀವು" ಇರಲಿ. ಕ್ಲಾಸಿನಲ್ಲಿ ಏಕವಚನವೇ ನಡೆಯುತ್ತಿದ್ದಿರಬಹುದು, ಆದರೆ ಇಪ್ಪತ್ತೈದು ವರ್ಷ ಮಾತಾಡದವರಿಗೆ ಸಂಘದ ಪತ್ರದಲ್ಲಿ "ನೀನು ಬಾರೋ" ಎಂದರೆ ಕೆಲವರಿಗೆ ಹಿತವಾಗುವುದಿಲ್ಲ. ಏಕವಚನ ಸಂಚಾಲಕರ ಫೋನ್ ಕರೆಗೆ ಉಳಿಯಲಿ. ಅಡ್ಡಹೆಸರುಗಳನ್ನೂ ತರಬೇಡಿ, ಇಟ್ಟವರಿಗೆ ತಮಾಷೆಯಾಗಿದ್ದದ್ದು ಇಡಿಸಿಕೊಂಡವರಿಗೆ ಹಾಗಿರಲಿಕ್ಕಿಲ್ಲ. "ದೊಡ್ಡ ದೊಡ್ಡ ಹುದ್ದೆಗಳಲ್ಲಿರುವ ನಮ್ಮ ಬ್ಯಾಚಿನವರು" ಎಂಬ ಮಾತೂ ಬೇಡ. ಅಂಥ ಹುದ್ದೆಯಲ್ಲಿಲ್ಲದವರಿಗೆ ಅದು ಬರಬೇಡಿ ಎಂದ ಹಾಗೆ ಕೇಳಿಸುತ್ತದೆ.

ಮಾದರಿ ಹೀಗಿದೆ. ಗೆರೆ ಎಳೆದ ಜಾಗಗಳನ್ನು ನಿಮ್ಮ ವಿವರದಿಂದ ತುಂಬಿಕೊಳ್ಳಿ.

> ______ ಹಳೆಯ ವಿದ್ಯಾರ್ಥಿಗಳ ಸಂಘ
> ದಿನಾಂಕ: 20 ಸೆಪ್ಟೆಂಬರ್ 2026
>
> ವಿಷಯ: 2001ರ ಬ್ಯಾಚಿನ ಬೆಳ್ಳಿಹಬ್ಬದ ಸಮ್ಮಿಲನ, 26 ಡಿಸೆಂಬರ್ 2026, ಶನಿವಾರ. ಅಕ್ಟೋಬರ್ 31ರೊಳಗೆ ನಿಮ್ಮ ಉತ್ತರ ಬೇಕಾಗಿದೆ.
>
> ಪ್ರಿಯ ______ ಅವರೇ,
>
> 1998ರಲ್ಲಿ ಸೇರಿ 2001ರಲ್ಲಿ ಮುಗಿಸಿದ ನಿಮ್ಮ ಬ್ಯಾಚಿಗೆ ಈ ವರ್ಷ ಇಪ್ಪತ್ತೈದು ತುಂಬುತ್ತಿದೆ. ಆ ನೆಪದಲ್ಲಿ ಎಲ್ಲರೂ ಒಂದು ದಿನ ಜೊತೆಗೆ ಕಳೆಯೋಣ ಎಂದು ಸಂಘವೂ ಬ್ಯಾಚಿನ ಸಂಚಾಲಕರೂ ಸೇರಿ ಈ ಸಮ್ಮಿಲನ ಏರ್ಪಡಿಸಿದ್ದೇವೆ. ನಿಮ್ಮನ್ನು ಪ್ರೀತಿಯಿಂದ ಆಹ್ವಾನಿಸುತ್ತಿದ್ದೇವೆ. ಈ ತಂಡದೊಂದಿಗೆ ಒಂದು ವರ್ಷ ಓದಿದ್ದರೂ ನೀವು ಈ ಬ್ಯಾಚಿನವರೇ.
>
> ಯಾವಾಗ, ಎಲ್ಲಿ: 26 ಡಿಸೆಂಬರ್ 2026, ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ. ಸ್ಥಳ: ______.
>
> ಏನೇನು ಇರುತ್ತದೆ: ಬೆಳಿಗ್ಗೆ ಹಳೆಯ ತರಗತಿಗಳ ಭೇಟಿ, 11ಕ್ಕೆ ಶಿಕ್ಷಕರೊಂದಿಗೆ ಒಂದು ಗಂಟೆ, 12.30ಕ್ಕೆ ಗುಂಪು ಛಾಯಾಚಿತ್ರ, ಊಟ. ಮಧ್ಯಾಹ್ನ ಭಾಷಣಗಳಿಲ್ಲ, ಮಾತುಕತೆಗೆ ಬಿಟ್ಟ ಸಮಯ.
>
> ಯಾರು ಬರಬಹುದು: ನಿಮ್ಮ ಜೊತೆಗೆ ಮನೆಯವರಲ್ಲಿ ಇಬ್ಬರವರೆಗೆ ಬರಬಹುದು. ಒಬ್ಬರೇ ಬರುವವರೂ ಅನೇಕರಿದ್ದಾರೆ.
>
> ಮೊತ್ತ: ತಲಾ ______. ಸಭಾಂಗಣ, ಊಟ ಮತ್ತು ಛಾಯಾಚಿತ್ರ ಇದರಲ್ಲೇ ಸೇರಿವೆ. ವಸತಿ ಸೇರಿಲ್ಲ. ಸಂಘದ ಖಾತೆಯ ವಿವರ: ______. ಡಿಸೆಂಬರ್ 5ರೊಳಗೆ ಬರಲಾಗುವುದಿಲ್ಲ ಎಂದು ತಿಳಿಸಿದರೆ ಪೂರ್ತಿ ಹಣ ಮರಳಿಸುತ್ತೇವೆ, ಅನಂತರ ಆಗುವುದಿಲ್ಲ. ಹಣ ಉಳಿದರೆ ಲೆಕ್ಕಪತ್ರದ ಸಮೇತ ಎಲ್ಲರಿಗೂ ತಿಳಿಸಿ, ಬಂದವರ ಒಪ್ಪಿಗೆಯಂತೆ ಬಳಸುತ್ತೇವೆ. ಮೊತ್ತದ ಕಾರಣಕ್ಕೆ ಬಾರದಿರಬೇಡಿ, ಖಜಾಂಚಿಯವರೊಬ್ಬರಿಗೆ ತಿಳಿಸಿದರೆ ಸಾಕು.
>
> ನಿಮ್ಮಿಂದ ಬೇಕಾದದ್ದು: ಬರುತ್ತೀರೋ ಇಲ್ಲವೋ, ಎರಡರಲ್ಲಿ ಒಂದನ್ನು ಅಕ್ಟೋಬರ್ 31ರೊಳಗೆ ಜೊತೆಗಿರುವ ನಮೂನೆಯಲ್ಲಿ ತಿಳಿಸಿ. ಬರುವುದಿಲ್ಲ ಎಂಬ ಉತ್ತರವೂ ನಮಗೆ ಉಪಯೋಗಕ್ಕೆ ಬರುತ್ತದೆ.
>
> ಇಂತು,
> ______, ಕಾರ್ಯದರ್ಶಿ
> ______, ಸಂಚಾಲಕರು, 2001ರ ಬ್ಯಾಚು, ಫೋನ್ ______

ಇದರಲ್ಲಿ ಕೆಲವು ಸಾಲುಗಳು ಸುಮ್ಮನೆ ಬಂದವಲ್ಲ. ವಿಷಯದ ಸಾಲಿನಲ್ಲೇ ದಿನಾಂಕ ಮತ್ತು ಗಡುವು ಇವೆ, ಪತ್ರ ತೆರೆಯದವರಿಗೂ ಮುಖ್ಯ ಸಂಗತಿ ಮುಟ್ಟುತ್ತದೆ. ದಿನಾಂಕವನ್ನು ಅಂಕಿಗಳಲ್ಲೇ ಬರೆಯದೆ ತಿಂಗಳ ಹೆಸರು ಮತ್ತು ವಾರ ಹಾಕಿದ್ದೇವೆ. 05/12 ಎಂದು ಬರೆದರೆ ಅಮೆರಿಕದಲ್ಲಿರುವವರು ಅದನ್ನು ಮೇ 12 ಎಂದು ಓದುತ್ತಾರೆ. "ಒಬ್ಬರೇ ಬರುವವರೂ ಅನೇಕರಿದ್ದಾರೆ" ಎಂಬುದು ಮದುವೆಯಾಗದವರಿಗೆ, ಸಂಗಾತಿಯನ್ನು ಕಳೆದುಕೊಂಡವರಿಗೆ, ಬೇರೆಯಾದವರಿಗೆ. "ಸಕುಟುಂಬ ಸಪರಿವಾರ" ಎಂಬ ವಾಡಿಕೆಯ ಮಾತು ಇವರನ್ನು ಮುಜುಗರಕ್ಕೆ ತಳ್ಳುತ್ತದೆ. ಜೊತೆಗೆ ಅದಕ್ಕೆ ಮಿತಿಯೂ ಇಲ್ಲ, ತಲೆಯೆಣಿಕೆ ಕೆಡುವುದು ಅಲ್ಲಿಂದಲೇ. ಒಬ್ಬರೇ ಬರುವವರ ಸಾಲನ್ನು ಹಾಕುವ ಮುನ್ನ ಅದು ನಿಜವೆಂದು ಸಂಚಾಲಕರಿಂದ ತಿಳಿದುಕೊಳ್ಳಿ. ಹಣ ಮರಳಿಸುವ ದಿನವನ್ನು ತಲೆಯೆಣಿಕೆ ಕೊಡುವ ದಿನಕ್ಕಿಂತ ಒಂದು ವಾರ ಮೊದಲು ಇಟ್ಟದ್ದು, ಅಷ್ಟರ ಮೇಲೆ ಆ ಊಟದ ಹಣವನ್ನು ಸಂಘ ಕೊಡಲೇಬೇಕಾಗುತ್ತದೆ ಎಂಬ ಕಾರಣಕ್ಕೆ.

6. ಉತ್ತರದ ನಮೂನೆ

ಚಿಕ್ಕದಿರಲಿ. ಓದುವಾಗ ಇದ್ದ ಹೆಸರು, ಈಗಿನ ಹೆಸರು, ಫೋನ್, ಬರುತ್ತೀರಾ ಇಲ್ಲವಾ, ಜೊತೆಗೆ ಎಷ್ಟು ಜನ, ಊಟದಲ್ಲಿ ಬೇಡವಾದದ್ದೇನು, ನಿಮ್ಮ ನಂಬರನ್ನು ಬ್ಯಾಚಿನವರಿಗೆ ಕೊಡಬಹುದೇ. ಇಷ್ಟು ಸಾಕು. "ಬಹುಶಃ" ಎಂಬ ಆಯ್ಕೆ ಕೊಡಲೇಬೇಡಿ. ಕೊಟ್ಟರೆ ಹೆಚ್ಚಿನವರು ಅದನ್ನೇ ಒತ್ತುತ್ತಾರೆ, ನೀವು ಇದ್ದಲ್ಲೇ ಇರುತ್ತೀರಿ. ಉದ್ಯೋಗ, ಹುದ್ದೆ, ಸಾಧನೆ ಕೇಳುವ ಅಂಕಣಗಳನ್ನೂ ಬಿಡಿ. ಸ್ಮರಣ ಸಂಚಿಕೆಗೆ ಅವು ಬೇಕಿದ್ದರೆ ಬರುತ್ತೇವೆ ಎಂದವರಿಂದ ಆಮೇಲೆ ಕೇಳಬಹುದು.

7. ಕಳಿಸುವುದು

ಪತ್ರವನ್ನು ಯೂನಿಕೋಡ್ ಕನ್ನಡದಲ್ಲೇ ಬೆರಳಚ್ಚು ಮಾಡಿ. ಯೂನಿಕೋಡ್ ಎಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದು ಪಠ್ಯವನ್ನು ಹಾಗೆಯೇ ಅಂಟಿಸಿದರೆ, ಆ ಫಾಂಟು ಇಲ್ಲದವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಚೆಂದದ ಚಿತ್ರವಾಗಿ ಮಾಡಿಸಿದ ಆಹ್ವಾನವೂ ಇರಲಿ, ಆದರೆ ದಿನಾಂಕ, ಸ್ಥಳ, ಖಾತೆಯ ಸಂಖ್ಯೆ ಪಠ್ಯವಾಗಿಯೂ ಹೋಗಲಿ. ಚಿತ್ರದಲ್ಲಿರುವ ಖಾತೆ ಸಂಖ್ಯೆಯನ್ನು ನೋಡಿಕೊಂಡು ಒತ್ತುವಾಗ ಅಂಕಿ ತಪ್ಪುವುದು ಸುಲಭ.

ಇಮೇಲಿನಲ್ಲಿ ಎಲ್ಲರ ವಿಳಾಸವನ್ನೂ `Bcc` ಜಾಗದಲ್ಲಿ ಹಾಕಿ, ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಹಾಗೆ ಒಟ್ಟಿಗೆ ಕಳಿಸಿದಾಗ ಪ್ರತಿಯೊಬ್ಬರ ಹೆಸರು ಹಾಕಲು ಆಗುವುದಿಲ್ಲ, "ಪ್ರಿಯ ಸಹಪಾಠಿಗಳೇ" ಎಂದೇ ಬರೆಯಬೇಕಾಗುತ್ತದೆ. ನನ್ನ ಮಟ್ಟಿಗೆ, ನೂರು ಚಿಲ್ಲರೆ ಜನರ ಬ್ಯಾಚಿಗೆ ನಾಲ್ಕೈದು ಸಂಚಾಲಕರು ಹಂಚಿಕೊಂಡು ಹೆಸರು ಹಾಕಿ ಒಂದೊಂದಾಗಿ ಕಳಿಸುವುದೇ ಒಳ್ಳೆಯದು. ಎಲ್ಲರಿಗೂ ಎಂದು ಬಂದ ಪತ್ರಕ್ಕೆ ಬೇರೆ ಯಾರಾದರೂ ಉತ್ತರಿಸುತ್ತಾರೆ ಎಂದು ಪ್ರತಿಯೊಬ್ಬರೂ ಸುಮ್ಮನಿರುತ್ತಾರೆ.

ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವವರು ಒಂದು ವಿಷಯ ತಿಳಿದಿರಬೇಕು: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರುವವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಇಪ್ಪತ್ತೈದು ವರ್ಷಗಳ ನಂತರ ಈಗಷ್ಟೇ ಸಿಕ್ಕ ಸಹಪಾಠಿಯ ಫೋನಿನಲ್ಲಿ ನಿಮ್ಮ ನಂಬರು ಇರುವುದಿಲ್ಲ. "ಎಲ್ಲರಿಗೂ ಕಳಿಸಿದ್ದೇವೆ, ಉತ್ತರವೇ ಇಲ್ಲ" ಎಂಬ ದೂರಿನ ಹಿಂದೆ ಇದೂ ಒಂದು ಕಾರಣ ಇರಬಹುದು. ಗುಂಪಿನಲ್ಲಿ ಹಾಕಿದರೆ ಪತ್ರ ಶುಭೋದಯಗಳ ನಡುವೆ ಮೇಲಕ್ಕೆ ಸರಿದುಹೋಗುತ್ತದೆ, ಆದ್ದರಿಂದ ಅದನ್ನು ಗುಂಪಿನ ಮೇಲ್ತುದಿಯಲ್ಲಿ ಪಿನ್ ಮಾಡಿಸಿ.

8. ಕಳಿಸಿದ ಮೇಲೆ

ಗಡುವಿಗೆ ಮೂರು ವಾರ ಮೊದಲು, ಅಕ್ಟೋಬರ್ 10ರ ಹೊತ್ತಿಗೆ, ಉತ್ತರ ಕೊಡದವರಿಗೆ ಮಾತ್ರ ಎರಡು ಸಾಲಿನ ನೆನಪೋಲೆ ಕಳಿಸಿ. ಈಗಾಗಲೇ ಉತ್ತರಿಸಿದವರಿಗೂ ಅದೇ ಹೋದರೆ ತಮ್ಮ ಉತ್ತರ ಸಿಕ್ಕಿಲ್ಲವೇನೋ ಎಂದು ಮತ್ತೆ ನಮೂನೆ ತುಂಬುತ್ತಾರೆ, ಪಟ್ಟಿಯಲ್ಲಿ ಒಬ್ಬರೇ ಇಬ್ಬರಾಗುತ್ತಾರೆ. ಗುಂಪಿನಲ್ಲಿ "ಇನ್ನೂ ಉತ್ತರಿಸದವರು" ಎಂದು ಹೆಸರುಗಳ ಪಟ್ಟಿ ಹಾಕುವ ಅಭ್ಯಾಸವೂ ಕೆಲವೆಡೆ ಇದೆ. ಅದರಿಂದ ಹೇಗೂ ಬರುತ್ತಿದ್ದವರು ಬೇಗ ಉತ್ತರಿಸುತ್ತಾರೆ, ಹಿಂಜರಿಯುತ್ತಿದ್ದವರು ಗುಂಪನ್ನೇ ಬಿಟ್ಟುಹೋಗುತ್ತಾರೆ.

ಅಕ್ಟೋಬರ್ 31 ಕಳೆದ ಮೇಲೆ ಬರಹ ನಿಲ್ಲಿಸಿ, ಫೋನ್ ಹಿಡಿಯಿರಿ. ಉಳಿದ ಹೆಸರುಗಳನ್ನು ಅವರವರ ಜೊತೆ ಕೂತು ಓದಿದವರಿಗೇ ಹಂಚಿ. ಕರೆ ಮಾಡುವವರು ಮೊದಲಿಗೇ "ಬರ್ತೀಯಾ?" ಎನ್ನದೆ "ಪತ್ರ ಸಿಕ್ಕಿತಾ?" ಎಂದು ಕೇಳಲಿ. ಸಿಗದೇ ಇದ್ದವರು ಒಂದಿಷ್ಟು ಜನ ಇದ್ದೇ ಇರುತ್ತಾರೆ, ಅವರ ಹೊಸ ವಿಳಾಸ ಅಲ್ಲೇ ಬರೆದುಕೊಳ್ಳಬಹುದು. ಕಾರಣ ಹೇಳದೆ ಬರುವುದಿಲ್ಲ ಎಂದವರನ್ನು ಎರಡನೇ ಸಲ ಒತ್ತಾಯಿಸಬೇಡಿ.

ತಲೆಯೆಣಿಕೆಗೆ ಹಣ ಬಂದವರನ್ನಷ್ಟೇ ಲೆಕ್ಕ ಹಿಡಿಯಿರಿ, ಖಜಾಂಚಿಗೆ ತಿಳಿಸಿ ವಿನಾಯಿತಿ ಪಡೆದವರನ್ನು ಖಜಾಂಚಿಯೇ ಸಂಖ್ಯೆಯಾಗಿ ಸೇರಿಸಿ ಕೊಡಲಿ, ಹೆಸರು ಬೇಕಿಲ್ಲ. ಡಿಸೆಂಬರ್ 19ರಂದು ಬರುವವರಿಗೆ ಮಾತ್ರ ಕೊನೆಯ ಟಿಪ್ಪಣಿ: ದಾರಿಯ ನಕ್ಷೆ, ವಾಹನ ನಿಲ್ಲಿಸುವ ಜಾಗ, ಆ ದಿನ ಯಾರ ಫೋನಿಗೆ ಕರೆ ಮಾಡಬೇಕು. ಆ ನಂಬರು ವೇದಿಕೆಯ ಮೇಲೆ ಕೂರುವ ಕಾರ್ಯದರ್ಶಿಯದ್ದಾಗಿರದೆ, ಬಾಗಿಲಲ್ಲಿ ನಿಲ್ಲುವವರದ್ದಾಗಿರಲಿ.